ಮೊದಲು ಮಾತು, ಆಮೇಲೆ ಮೇಲ್

ಒಂದು ಮಧ್ಯಮ ಗಾತ್ರದ ಕಂಪನಿಯ ಅಕೌಂಟ್ಸ್ ವಿಭಾಗ ಅಂದುಕೊಳ್ಳಿ. ಏಪ್ರಿಲ್ ತಿಂಗಳ ಕೊನೆಯ ವಾರ. ಟ್ರಾವೆಲ್ ಕ್ಲೈಮ್‌ಗಳನ್ನು ನೋಡಿ ಪಾಸ್ ಮಾಡುವ ಹುಡುಗಿಗೆ ಒಂದು ಹೋಟೆಲ್ ಬಿಲ್ ಕೈಗೆ ಬಂದಾಗ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತದೆ. ಹಿಂದಿನ ತಿಂಗಳ ಫೈಲ್ ತೆಗೆದರೆ ಅನುಮಾನ ನಿಜ. ಹುಬ್ಬಳ್ಳಿಯ ಅದೇ ಹೋಟೆಲು, ಅದೇ ಬಿಲ್ ನಂಬರು, ಅದೇ 4,480 ರೂಪಾಯಿ. ಮಾರ್ಚ್‌ನಲ್ಲಿ ಒಮ್ಮೆ ದುಡ್ಡು ಹೋಗಿದೆ, ಈಗ ಇನ್ನೊಮ್ಮೆ ಕೇಳಿದ್ದಾರೆ. ಕೇಳಿದವರು ಸಾಮಾನ್ಯದವರಲ್ಲ, ಸೇಲ್ಸ್‌ನ ಸೀನಿಯರ್ ಮ್ಯಾನೇಜರ್. ಇವಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ, ಅವರು ಕಂಪನಿ ಶುರುವಾದಾಗಿನಿಂದ ಇದ್ದಾರೆ.

ಈಗ ಅವಳ ಮುಂದೆ ಮೂರು ದಾರಿಗಳಿವೆ. ಇಮೇಲ್ ಬರೆಯಬಹುದು, ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಬಹುದು, ಫೋನ್ ಮಾಡಬಹುದು. ಹೇಳಬೇಕಾದ ವಿಷಯ ಮೂರರಲ್ಲೂ ಒಂದೇ. ಆದರೆ ಮೂರರ ಫಲ ಒಂದೇ ಅಲ್ಲ. ಯಾವುದನ್ನು ಆರಿಸಿಕೊಳ್ಳುತ್ತಾಳೆ ಎನ್ನುವುದರ ಮೇಲೆ ಈ ವಿಷಯ ಐದು ನಿಮಿಷದಲ್ಲಿ ಮುಗಿಯುತ್ತದೋ, ಐದು ತಿಂಗಳು ಎರಡು ವಿಭಾಗಗಳ ನಡುವೆ ಮುನಿಸಾಗಿ ಉಳಿಯುತ್ತದೋ ಎಂಬುದು ನಿಂತಿದೆ.

ಹೆಚ್ಚಿನವರು ಮೊದಲು ಕೈ ಹಾಕುವುದು ಇಮೇಲ್‌ಗೆ. ಕಾರಣ ಸರಳ. ಎದುರಿನವರ ಮುಖ ನೋಡಬೇಕಾಗಿಲ್ಲ, ದನಿ ಕೇಳಬೇಕಾಗಿಲ್ಲ, ಬರೆದು ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು. ಜೊತೆಗೆ ಬರಹದಲ್ಲಿ ದಾಖಲೆ ಉಳಿಯುತ್ತದೆ ಎಂಬ ಧೈರ್ಯ. ಹಾಗೆಂದು ಅವಳು ಹೀಗೆ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ: ‘ಸರ್, ತಾವು ಮಾರ್ಚ್‌ನಲ್ಲಿ ಕ್ಲೈಮ್ ಮಾಡಿದ ಬಿಲ್ಲನ್ನೇ ಏಪ್ರಿಲ್‌ನಲ್ಲಿ ಮತ್ತೆ ಕ್ಲೈಮ್ ಮಾಡಿರುವುದು ಕಂಡುಬಂದಿದೆ. ದಯವಿಟ್ಟು ವಿವರಣೆ ನೀಡಿ.’ ಸಿಸಿಯಲ್ಲಿ ತನ್ನ ಮ್ಯಾನೇಜರ್ ಹೆಸರನ್ನೂ ಹಾಕುತ್ತಾಳೆ, ಗೊತ್ತಿರಲಿ ಅಂತ.

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಒಂದು ಬೈಗುಳವೂ ಇಲ್ಲ. ಆದರೂ ಓದಿದವರಿಗೆ ಅದು ಮೆಮೊ. ‘ಕಂಡುಬಂದಿದೆ’ ಅಂದರೆ ಯಾರೋ ತನಿಖೆ ಮಾಡಿದ್ದಾರೆ ಎಂದಾಯಿತು. ‘ವಿವರಣೆ ನೀಡಿ’ ಅಂದರೆ ತಾನು ಆಗಲೇ ಕಟಕಟೆಯಲ್ಲಿ ನಿಂತಾಯಿತು. ಸಿಸಿಯಲ್ಲಿ ಇನ್ನೊಬ್ಬರ ಹೆಸರಿದೆ, ಅಂದರೆ ಸಾಕ್ಷಿಯನ್ನೂ ಕರೆಸಿಯಾಯಿತು. ನಮ್ಮ ಆಫೀಸುಗಳಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ದಿನವಿಡೀ ಕನ್ನಡದಲ್ಲಿ ಹರಟುವವರೇ ಮೇಲ್ ಬರೆಯಲು ಕೂತಾಗ ಇಂಗ್ಲಿಷಿಗೆ ಹೋಗುತ್ತಾರೆ, ಅದೂ ಹಳೇ ಸರ್ಕಾರಿ ಪತ್ರಗಳಿಂದ ಬಂದ ಇಂಗ್ಲಿಷಿಗೆ. ಬರೆದವರಿಗೆ ಅದು ಬರುವ ಒಂದೇ ಶೈಲಿ, ಓದಿದವರಿಗೆ ಅದು ಕೋಪ.

ಇದು ನಮ್ಮ ಊಹೆ ಮಾತ್ರವಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಅಳೆದು ನೋಡಿತು. ಕೆಲವರಿಗೆ ಒಂದಷ್ಟು ವಾಕ್ಯಗಳನ್ನು ಹೇಳಲು ಕೊಟ್ಟರು. ಕೆಲವು ಗಂಭೀರವಾಗಿ ಹೇಳುವವು, ಕೆಲವು ವ್ಯಂಗ್ಯವಾಗಿ. ಅದೇ ವಾಕ್ಯಗಳು ಕೆಲವರಿಗೆ ಇಮೇಲ್‌ನಲ್ಲಿ ಹೋದವು, ಕೆಲವರಿಗೆ ದನಿಯಲ್ಲಿ. ಕಳಿಸುವವರು ಎರಡೂ ಬಗೆಯಲ್ಲಿ ಸುಮಾರು 78 ಪಾಲು ಸರಿಯಾಗಿ ಅರ್ಥವಾಗುತ್ತದೆ ಎಂದು ನಂಬಿದ್ದರು. ದನಿ ಕೇಳಿದವರು 73 ಪಾಲು ಸರಿಯಾಗಿ ಗುರುತಿಸಿದರು. ಇಮೇಲ್ ಓದಿದವರು ಗುರುತಿಸಿದ್ದು 56 ಪಾಲು ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ 50 ಪಾಲು ಸರಿ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳುತ್ತಿರುತ್ತದೆ, ಹಾಗಾಗಿ ಬರಹದಲ್ಲೂ ಅದು ಇದೆ ಎಂದೇ ನಮಗೆ ಅನ್ನಿಸುತ್ತದೆ. ತೊಂದರೆ ಇರುವುದು ಆ ನಂಬಿಕೆಯಲ್ಲಿ.

ದನಿ ಕಳೆದುಹೋದಾಗ ಅರ್ಥ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಕ್ರಿಸ್ಟಿನ್ ಬೈರನ್ ಎಂಬ ಸಂಶೋಧಕಿ 2008ರಲ್ಲಿ ಬರೆದ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಸಂತೋಷದಿಂದ ಬರೆದ ಮೇಲ್ ಓದುವವರಿಗೆ ಸಪ್ಪೆಯಾಗಿ ಕಾಣುತ್ತದೆ, ಸಾದಾ ಮೇಲ್ ಕಟುವಾಗಿ ಕಾಣುತ್ತದೆ ಎಂಬುದು ಅವರ ವಾದ. ಎಲ್ಲವೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಮೇಲಿನವರಿಂದ ಕೆಳಗಿನವರಿಗೆ ಹೋದರೆ ಇನ್ನೂ ಒಂದು ಮೆಟ್ಟಿಲು ಇಳಿಯುತ್ತದೆ ಎಂದು ಆಫೀಸಿನಲ್ಲಿ ನಾಲ್ಕು ದಿನ ಕೂತವರು ಯಾರು ಬೇಕಾದರೂ ಹೇಳುತ್ತಾರೆ.

ಹಾಗಾದರೆ ವಾಟ್ಸಾಪ್? ಅಲ್ಲಿ ಬಿಗುಮಾನ ಕಮ್ಮಿ, ಕೈಮುಗಿದ ಎಮೋಜಿಯನ್ನೂ ಹಾಕಬಹುದು. ಆದರೆ ನನ್ನ ಮಟ್ಟಿಗೆ ಸೂಕ್ಷ್ಮ ವಿಷಯಕ್ಕೆ ಮೂರರಲ್ಲಿ ಕೆಟ್ಟ ಆಯ್ಕೆ ಅದೇ. ಇಮೇಲ್‌ನಲ್ಲಿ ಇಲ್ಲದ ದನಿ ಇಲ್ಲೂ ಇಲ್ಲ, ಇಮೇಲ್‌ನಲ್ಲಿರುವ ವ್ಯವಧಾನವೂ ಇಲ್ಲ. ‘ಸರ್, ಹುಬ್ಬಳ್ಳಿ ಬಿಲ್ ಎರಡು ಸಲ ಬಂದಿದೆಯಲ್ಲ?’ ಎಂದು ಕಳಿಸಿದಿರಿ ಅಂದುಕೊಳ್ಳಿ. ಅವರು ಆಗ ಗಿರಾಕಿಯ ಎದುರು ಕೂತಿರಬಹುದು, ಗಾಡಿ ಓಡಿಸುತ್ತಿರಬಹುದು. ಎರಡು ನೀಲಿ ಗೀಟು ಕಾಣುತ್ತದೆ, ಉತ್ತರ ಬರುವುದಿಲ್ಲ. ಇಲ್ಲಿ ನಿಮ್ಮ ತಲೆ ಓಡಲು ಶುರುವಾಗುತ್ತದೆ: ಓದಿಯೂ ಸುಮ್ಮನಿದ್ದಾರೆ ಅಂದರೆ ಏನೋ ಇದೆ. ಅಲ್ಲಿ ಅವರ ತಲೆಯೂ ಓಡುತ್ತಿರುತ್ತದೆ: ಇಷ್ಟು ಚಿಕ್ಕ ಹುಡುಗಿ ನನ್ನನ್ನು ವಾಟ್ಸಾಪ್‌ನಲ್ಲಿ ಕೇಳುವ ಹಾಗಾಯಿತಾ. ಇಮೇಲ್‌ಗೆ ನಾಳೆ ಉತ್ತರ ಕೊಟ್ಟರೂ ನಡೆಯುತ್ತದೆ ಎಂಬ ರೂಢಿ ಇದೆ. ಚಾಟ್‌ನಲ್ಲಿ ಹತ್ತು ನಿಮಿಷದ ಮೌನಕ್ಕೂ ಅರ್ಥ ಹುಟ್ಟಿಕೊಳ್ಳುತ್ತದೆ.

ಕಳಿಸಿದ್ದನ್ನು ಹಿಂದಕ್ಕೆ ಪಡೆಯಬಹುದಲ್ಲ ಎನ್ನುವವರಿದ್ದಾರೆ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡು ದಿನದವರೆಗೆ ಎಲ್ಲರಿಗೂ ಅಳಿಸಬಹುದು, ನಿಜ. ಆದರೆ ತಿದ್ದಿದರೆ ತಿದ್ದಿದ ಗುರುತು, ಅಳಿಸಿದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಸೂಕ್ಷ್ಮ ವಿಷಯದಲ್ಲಿ ಅಳಿಸಿದ ಮೆಸೇಜಿನಷ್ಟು ಸಂಶಯ ಹುಟ್ಟಿಸುವುದು ಇನ್ನೊಂದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸ್ಕ್ರೀನ್‌ಶಾಟ್. ಹಿಂದುಮುಂದಿನ ಸಾಲುಗಳನ್ನು ಕತ್ತರಿಸಿ ನಡುವಿನ ಒಂದೇ ಸಾಲು ಬೇರೆ ಗುಂಪಿಗೆ ಹೋಗಲು ಎರಡು ಸೆಕೆಂಡ್ ಸಾಕು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಸಿಗುವ ಕಾಲಾವಕಾಶ ಹೆಚ್ಚೆಂದರೆ 30 ಸೆಕೆಂಡ್, ಅದನ್ನೂ ಸೆಟಿಂಗ್ಸ್‌ಗೆ ಹೋಗಿ ನಾವೇ ಇಟ್ಟುಕೊಳ್ಳಬೇಕು. ಇನ್ನೂ ಇಟ್ಟುಕೊಂಡಿಲ್ಲದವರು ಇವತ್ತೇ ಇಟ್ಟುಕೊಳ್ಳುವುದು ಒಳ್ಳೆಯದು, ಸಿಟ್ಟಿನಲ್ಲಿ ಬರೆದ ಎಷ್ಟೋ ಮೇಲ್‌ಗಳಿಗೆ ಆ ಅರ್ಧ ನಿಮಿಷವೇ ಕಡಿವಾಣ.

ಉಳಿದದ್ದು ಫೋನ್. ಅದೇ ಎಲ್ಲರಿಗೂ ಭಯ. ಅದರಲ್ಲೂ ಹೊಸ ತಲೆಮಾರಿನವರಿಗೆ ರಿಂಗಾಗುವ ಫೋನ್ ಎಂದರೆ ಏನೋ ಅನಾಹುತ ಎಂಬ ಭಾವನೆ. ಈ ಭಯದ ಬಗ್ಗೆಯೂ ಒಂದು ಅಧ್ಯಯನವಿದೆ. ಅಮಿತ್ ಕುಮಾರ್ ಮತ್ತು ಮೊದಲು ಹೇಳಿದ ಅದೇ ನಿಕೊಲಸ್ ಎಪ್ಲಿ 2021ರಲ್ಲಿ ಪ್ರಕಟಿಸಿದ್ದು. ಬಹಳ ದಿನ ಮಾತಿಲ್ಲದ ಗೆಳೆಯರನ್ನು ಮತ್ತೆ ಮಾತಾಡಿಸಲು ಕೆಲವರಿಗೆ ಫೋನ್ ಮಾಡಿ ಎಂದರು, ಕೆಲವರಿಗೆ ಮೇಲ್ ಬರೆಯಿರಿ ಎಂದರು. ಫೋನ್ ಮಾಡಿದರೆ ಮುಜುಗರ ಜಾಸ್ತಿ ಎಂದು ಜನ ಮೊದಲೇ ಅಂದಾಜು ಹಾಕಿದ್ದರು. ಮಾಡಿದ ಮೇಲೆ ನೋಡಿದರೆ ಮುಜುಗರ ಹೆಚ್ಚಿರಲಿಲ್ಲ, ಆತ್ಮೀಯತೆ ಮಾತ್ರ ಮೇಲ್ ಬರೆದವರಿಗಿಂತ ಹೆಚ್ಚಿತ್ತು. ಹಳೆಯ ಗೆಳೆಯರ ವಿಷಯ ಬೇರೆ, ಹೋಟೆಲ್ ಬಿಲ್ಲಿನ ವಿಷಯ ಬೇರೆ ಎನ್ನಬಹುದು. ಒಪ್ಪಿದೆ. ಆದರೆ ಫೋನ್ ಎತ್ತುವ ಮುಂಚಿನ ಹೆದರಿಕೆ ನಿಜವಾದ ಮುಜುಗರಕ್ಕಿಂತ ದೊಡ್ಡದು ಎಂಬ ಅಂಶ ಎರಡಕ್ಕೂ ಹೊಂದುತ್ತದೆ.

ನಮ್ಮ ಹುಡುಗಿಗೆ ಫೋನೇ ಸರಿ ಎನ್ನಲು ಇನ್ನೂ ಬಲವಾದ ಕಾರಣವಿದೆ. ಅವಳಿಗೆ ನಿಜಕ್ಕೂ ಗೊತ್ತಿರುವುದು ಏನು? ಒಂದೇ ಬಿಲ್ ಎರಡು ಕಡೆ ಇದೆ ಎಂಬುದಷ್ಟೇ. ಯಾಕೆ ಇದೆ ಎಂಬುದು ಗೊತ್ತಿಲ್ಲ. ಕಣ್ತಪ್ಪಿರಬಹುದು, ಸಹಾಯಕರು ತಪ್ಪು ಬಿಲ್ ಲಗತ್ತಿಸಿರಬಹುದು, ಬೇಕೆಂದೇ ಮಾಡಿರಲೂಬಹುದು. ಅಮೆರಿಕದ ರಿಚರ್ಡ್ ಡಾಫ್ಟ್ ಮತ್ತು ರಾಬರ್ಟ್ ಲೆಂಗೆಲ್ ಎಂಬ ಸಂಶೋಧಕರು 1980ರ ದಶಕದಲ್ಲೇ, ಆಫೀಸುಗಳಿಗೆ ಇಮೇಲ್ ಇನ್ನೂ ಸರಿಯಾಗಿ ಕಾಲಿಡುವ ಮುನ್ನ, ಈ ವ್ಯತ್ಯಾಸವನ್ನು ಗುರುತಿಸಿದ್ದರು. ಮಾಹಿತಿ ಕಮ್ಮಿಯಿದ್ದರೆ ಅದನ್ನು ಕಾಗದದಲ್ಲಿ ತರಿಸಿಕೊಳ್ಳಬಹುದು. ಆದರೆ ಇರುವ ಮಾಹಿತಿಗೇ ಎರಡು ಮೂರು ಅರ್ಥ ಬರುವಂತಿದ್ದರೆ ಎಷ್ಟು ಕಾಗದ ಬಂದರೂ ಉಪಯೋಗವಿಲ್ಲ. ಆಗ ತಕ್ಷಣ ಮರುಪ್ರಶ್ನೆ ಕೇಳಲು ಬರುವ, ದನಿ ಕೇಳಿಸುವ, ಆದರೆ ಮುಖವೂ ಕಾಣುವ ಮಾಧ್ಯಮ ಬೇಕು. ಅವರ ಪಟ್ಟಿಯಲ್ಲಿ ಎದುರುಬದುರು ಮಾತು ಎಲ್ಲಕ್ಕಿಂತ ಮೇಲೆ, ಆಮೇಲೆ ಫೋನು, ಅದರ ಕೆಳಗೆ ಬರಹ.

ಇದನ್ನು ಆಫೀಸಿನ ಭಾಷೆಗೆ ಇಳಿಸಿದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ವಿಷಯ ಇನ್ನೂ ತೆರೆದಿದೆಯೋ, ತೀರ್ಮಾನವಾಗಿದೆಯೋ? ಎದುರಿನವರ ಉತ್ತರ ಕೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಗುವ ಸಾಧ್ಯತೆ ಇದ್ದರೆ ಅದು ತೆರೆದ ವಿಷಯ, ಅದಕ್ಕೆ ಮಾತು ಬೇಕು. ತೀರ್ಮಾನವಾಗಿದ್ದನ್ನು ನಾಳೆ ಯಾರೂ ಮರೆಯಬಾರದು ಎಂದಾದರೆ ಅದಕ್ಕೆ ಇಮೇಲ್ ಬೇಕು. ಚಾಟ್‌ಗೆ ಇವೆರಡರ ನಡುವೆ ಇರುವ ಕೆಲಸ ಒಂದೇ, ಮಾತಾಡಲು ಹೊತ್ತು ಗೊತ್ತು ಮಾಡುವುದು.

ಈಗ ಅವಳು ಹೇಗೆ ಮಾಡಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ. ಫೋನ್ ಎತ್ತುವ ಮೊದಲು ಎರಡೂ ಕ್ಲೈಮ್‌ಗಳನ್ನು ಪಕ್ಕಪಕ್ಕ ಇಟ್ಟು ಬಿಲ್ ನಂಬರು, ತಾರೀಖು, ಮೊತ್ತ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮೊತ್ತ ಒಂದೇ ಇದ್ದ ಮಾತ್ರಕ್ಕೆ ಬಿಲ್ ಒಂದೇ ಎಂದಲ್ಲ, ಒಂದೇ ಹೋಟೆಲಿನ ಒಂದೇ ಬಾಡಿಗೆಯ ರೂಮಿನಲ್ಲಿ ಎರಡು ಸಲ ಉಳಿದುಕೊಂಡಿದ್ದರೂ ಮೊತ್ತ ಒಂದೇ ಬರುತ್ತದೆ. ನಂಬರು ಒಂದೇ ಎಂಬುದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ.

ಆಮೇಲೆ ಒಂದು ಚಾಟ್ ಮೆಸೇಜ್. ‘ಸರ್, ಒಂದು ವಿಷಯ ಮಾತಾಡಬೇಕು’ ಎಂದಷ್ಟೇ ಬರೆದು ಬಿಡಬಾರದು. ಆ ಒಂದು ಸಾಲು ಎದುರಿನವರ ಮಧ್ಯಾಹ್ನವನ್ನೇ ಹಾಳು ಮಾಡುತ್ತದೆ, ರಾಜೀನಾಮೆಯಿಂದ ಹಿಡಿದು ದೂರಿನ ತನಕ ಎಲ್ಲವನ್ನೂ ಅವರು ಊಹಿಸಿಕೊಳ್ಳುತ್ತಾರೆ. ವಿಷಯ ಎಷ್ಟು ದೊಡ್ಡದು, ಎಷ್ಟು ಹೊತ್ತು ಬೇಕು ಎಂಬುದು ಅದರಲ್ಲೇ ಇರಬೇಕು: ‘ಸರ್, ನಿಮ್ಮ ಏಪ್ರಿಲ್ ಟ್ರಾವೆಲ್ ಕ್ಲೈಮ್ ನೋಡ್ತಾ ಇದ್ದೆ. ಒಂದು ಬಿಲ್ ಬಗ್ಗೆ ಕೇಳಬೇಕಿತ್ತು, ಐದು ನಿಮಿಷ ಸಾಕು. ಮೂರು ಗಂಟೆ ಮೇಲೆ ಫೋನ್ ಮಾಡಲಾ?’ ಇದರ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿದರೂ ಯಾರ ಮಾನವೂ ಹೋಗುವುದಿಲ್ಲ. ಚಾಟ್‌ನಲ್ಲಿ ಎಷ್ಟು ಬರೆಯಬಹುದು ಎಂಬುದಕ್ಕೆ ಅದೇ ಅಳತೆ.

ಫೋನಿನಲ್ಲಿ ಮೊದಲ ವಾಕ್ಯ ಮುಖ್ಯ. ‘ನೀವು ಎರಡು ಸಲ ಕ್ಲೈಮ್ ಮಾಡಿದೀರಿ’ ಎಂದರೆ ಮಾತು ಅಲ್ಲಿಗೇ ಕೆಡುತ್ತದೆ. ತನಗೆ ಗೊತ್ತಿರುವಷ್ಟನ್ನೇ ಹೇಳಿ ನಿಲ್ಲಿಸಬೇಕು: ‘ಸರ್, ಹುಬ್ಬಳ್ಳಿ ಹೋಟೆಲ್ ಬಿಲ್ ಮಾರ್ಚ್ ಫೈಲಿನಲ್ಲೂ ಇದೆ, ಏಪ್ರಿಲ್ ಫೈಲಿನಲ್ಲೂ ಇದೆ. ನಂಬರ್ ಎರಡರಲ್ಲೂ ಒಂದೇ. ಏನಾಗಿರಬಹುದು ಅಂತ ನಿಮ್ಮನ್ನೇ ಕೇಳೋಣ ಅಂದುಕೊಂಡೆ.’ ಅಷ್ಟು ಹೇಳಿ ಸುಮ್ಮನಾಗಬೇಕು. ಈ ಸುಮ್ಮನಾಗುವುದೇ ಕಷ್ಟ. ಮೌನ ತುಂಬಲು ‘ಪರವಾಗಿಲ್ಲ ಸರ್, ಎಲ್ಲರಿಗೂ ಆಗುತ್ತೆ’ ಎಂದು ನಾವೇ ಸಬೂಬು ಒದಗಿಸಿಬಿಡುತ್ತೇವೆ. ಹಾಗೆ ಮಾಡಿದರೆ ಅವರ ನಿಜವಾದ ಉತ್ತರ ನಮಗೆ ಸಿಗುವುದಿಲ್ಲ.

ಅವರು ಎರಡು ಕ್ಷಣ ಯೋಚಿಸಿ, ‘ಅಯ್ಯೋ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಹೋಗಿದ್ದೆನಲ್ಲಮ್ಮ, ಹದಿನೆಂಟನೇ ತಾರೀಖು. ಅದೇ ಹೋಟೆಲ್ಲು. ಫೋನಿನಲ್ಲಿದ್ದ ಹಳೇ ಫೋಟೋನೇ ಹಾಕಿಬಿಟ್ಟಿದೀನಿ ಅನ್ಸುತ್ತೆ, ಹೊಸ ಬಿಲ್ ಬ್ಯಾಗಲ್ಲೇ ಇದೆ’ ಎನ್ನುತ್ತಾರೆ ಎಂದುಕೊಳ್ಳಿ. ಗಮನಿಸಿ, ಇಲ್ಲಿ ಒಂದು ರೂಪಾಯಿಯೂ ಹೆಚ್ಚು ಕೇಳಿರಲಿಲ್ಲ. ತಪ್ಪು ಬಿಲ್ ಅಂಟಿಸಿದ್ದರು, ಅಷ್ಟೇ. ಮೇಲ್ ಬರೆದು ಸಿಸಿ ಹಾಕಿದ್ದಿದ್ದರೂ ಕೊನೆಗೆ ಇದೇ ಉತ್ತರ ಬರುತ್ತಿತ್ತು. ಆದರೆ ಅದು ಅವರ ಬಾಸ್‌ಗೂ ಇವಳ ಬಾಸ್‌ಗೂ ಪ್ರತಿ ಹೋಗಿ, ‘ನನ್ನ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದ್ದಾರೆ’ ಎಂಬ ಸಾಲಿನೊಂದಿಗೆ ಬರುತ್ತಿತ್ತು.

ಫೋನ್ ಇಟ್ಟ ಮೇಲೆ ಕೆಲಸ ಮುಗಿದಿಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಮಾತು ಚೆನ್ನಾಗಿ ಮುಗಿಯಿತೆಂಬ ಖುಷಿಯಲ್ಲಿ ಅದನ್ನು ಬರೆದಿಡುವುದಿಲ್ಲ. ಆರು ತಿಂಗಳ ಮೇಲೆ ಆಡಿಟರ್ ಬಂದು, ಏಪ್ರಿಲ್ ಕ್ಲೈಮಿನ ಮೊತ್ತ ಯಾಕೆ ಕಡಿಮೆಯಾಯಿತು, ಅದೇ ತಾರೀಖಿನ ಬಿಲ್ ಮೇ ತಿಂಗಳಲ್ಲಿ ಯಾಕೆ ಬಂತು ಎಂದು ಕೇಳಿದರೆ, ಫೋನಿನಲ್ಲಿ ಮಾತಾಡಿದ್ದೆವು ಎಂಬುದು ಉತ್ತರವೇ ಅಲ್ಲ. ಆದ್ದರಿಂದ ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಇಮೇಲ್ ಹೋಗಬೇಕು:

‘ಸರ್, ಈಗ ಫೋನಿನಲ್ಲಿ ಮಾತಾಡಿದ ಹಾಗೆ, ಏಪ್ರಿಲ್ ಕ್ಲೈಮಿಗೆ ಮಾರ್ಚ್ ತಿಂಗಳ ಹುಬ್ಬಳ್ಳಿ ಹೋಟೆಲ್ ಬಿಲ್ (4,480 ರೂ.) ಲಗತ್ತಾಗಿದೆ. ಅದನ್ನು ಬಿಟ್ಟು ಉಳಿದ ಮೊತ್ತವನ್ನು ಇವತ್ತು ಪಾಸ್ ಮಾಡುತ್ತಿದ್ದೇನೆ. ಏಪ್ರಿಲ್ 18ರ ಬಿಲ್ ನೀವು ಕಳಿಸಿದ ಮೇಲೆ ಮೇ ತಿಂಗಳ ಕ್ಲೈಮಿಗೆ ಸೇರಿಸುತ್ತೇನೆ. ನಾನು ಏನಾದರೂ ತಪ್ಪಾಗಿ ಬರೆದಿದ್ದರೆ ತಿಳಿಸಿ.’

ಈ ಮೇಲ್‌ನಲ್ಲಿ ವಿಷಯವೆಲ್ಲ ಇದೆ, ಆರೋಪ ಇಲ್ಲ. ಯಾಕೆಂದರೆ ಆರೋಪ ಆಗಬಹುದಾಗಿದ್ದ ಭಾಗವನ್ನು ಫೋನು ಆಗಲೇ ಕರಗಿಸಿದೆ. ಕೊನೆಯ ಸಾಲು ಬರೀ ಮರ್ಯಾದೆಯ ಸಾಲಲ್ಲ, ಅದಕ್ಕೊಂದು ಕೆಲಸವಿದೆ. ಅವರು ತಿದ್ದದೆ ಬಿಟ್ಟರೆ ನಡೆದದ್ದು ಹೀಗೆಯೇ ಎಂದು ಒಪ್ಪಿದ ಹಾಗೆ, ನಾಳೆ ಯಾರೂ ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುವುದು ಕಷ್ಟ. ಸಿಸಿ ಈಗ ಬೇಕೇ? ತನ್ನ ಮ್ಯಾನೇಜರಿಗೆ ತಿಳಿಸಲೇಬೇಕೆಂಬ ನಿಯಮವಿದ್ದರೆ ಹಾಕಬೇಕು, ಆದರೆ ಹಾಕುತ್ತೇನೆಂದು ಫೋನಿನಲ್ಲೇ ಹೇಳಿರಬೇಕು. ಹೇಳಿ ಹಾಕಿದ ಸಿಸಿ ಯಾರನ್ನೂ ಚುಚ್ಚುವುದಿಲ್ಲ. ಬಿಸಿಸಿಯ ಗೋಜಿಗೆ ಹೋಗಲೇಬಾರದು. ಗುಟ್ಟಾಗಿ ಪ್ರತಿ ಪಡೆದವರು ಮರೆತು ‘ರಿಪ್ಲೈ ಆಲ್’ ಒತ್ತಿದ ದಿನ ಗುಟ್ಟೂ ಹೋಗುತ್ತದೆ, ಬಿಸಿಸಿ ಹಾಕಿದವರ ಮರ್ಯಾದೆಯೂ ಹೋಗುತ್ತದೆ.

ಸಂಬಳ ಹೆಚ್ಚಿಸಿ ಎಂದು ಕೇಳುವುದಕ್ಕೂ, ತಂಡದವರ ಕೆಲಸ ಸಾಲದು ಎಂದು ಹೇಳುವುದಕ್ಕೂ, ಬೇರೆ ವಿಭಾಗದ ತಪ್ಪಿನಿಂದ ನಮ್ಮ ಕೆಲಸ ನಿಂತಿದೆ ಎನ್ನುವುದಕ್ಕೂ ಹೆಚ್ಚೂಕಡಿಮೆ ಇದೇ ಕ್ರಮ ನಡೆಯುತ್ತದೆ. ಸಂಬಳದ ವಿಷಯದಲ್ಲಿ ಮಾತ್ರ ಅಂಕಿಗಳನ್ನು ಮೊದಲೇ ಮೇಲ್ ಮಾಡಿಡುವುದು ಜಾಣತನ, ಕೇಳಿದ ತಕ್ಷಣ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಆದರೆ ಈ ಕ್ರಮಕ್ಕೆ ಒಂದು ದೊಡ್ಡ ಷರತ್ತಿದೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದ ಮಾತಾಡುತ್ತಿದ್ದಾರೆ ಎಂದುಕೊಂಡಾಗ ಮಾತ್ರ ಇದು ಸರಿ. ಅದೇ ಮ್ಯಾನೇಜರ್‌ನ ಹಳೇ ಕ್ಲೈಮ್‌ಗಳನ್ನು ನೋಡಿದಾಗ ಜನವರಿಯಲ್ಲೂ ಒಂದು, ನವೆಂಬರ್‌ನಲ್ಲೂ ಒಂದು ಹೀಗೇ ಎರಡೆರಡು ಸಲ ಹೋಗಿದ್ದರೆ, ಒಂದು ಕಡೆ ತಾರೀಖು ತಿದ್ದಿದ ಗುರುತಿದ್ದರೆ, ಆಗ ಅವರಿಗೆ ಫೋನ್ ಮಾಡುವುದು ಸೌಜನ್ಯವಲ್ಲ. ಎಚ್ಚರಿಕೆ ಕೊಟ್ಟ ಹಾಗೆ. ಆಗ ಅವಳು ಮೂಲ ಬಿಲ್‌ಗಳನ್ನು ಇದ್ದಲ್ಲೇ ಇರಲು ಬಿಟ್ಟು, ಪ್ರತಿ ತೆಗೆದುಕೊಂಡು, ತನ್ನ ಮೇಲಿನ ಒಬ್ಬರಿಗೆ ಮಾತ್ರ ಬರಹದಲ್ಲಿ ತಿಳಿಸಬೇಕು. ‘ಮೋಸ’, ‘ವಂಚನೆ’ ಮುಂತಾದ ಪದಗಳಿಲ್ಲದೆ, ಬಿಲ್ ನಂಬರು, ತಾರೀಖು, ಮೊತ್ತ ಇಷ್ಟೇ. ತೀರ್ಪು ಕೊಡುವುದು ಅವಳ ಕೆಲಸವಲ್ಲ.

ಇನ್ನೊಂದು ಸಂದರ್ಭ, ಮೇಲಿನವರು ಫೋನಿನಲ್ಲಿ ಕೊಡುವ ಆಜ್ಞೆ. ಟೆಸ್ಟ್ ರಿಪೋರ್ಟ್ ಬಂದಿಲ್ಲದ ಮಾಲನ್ನು ‘ಇವತ್ತು ಕಳಿಸಿಬಿಡು, ಆಮೇಲೆ ನೋಡ್ಕೊಳ್ಳೋಣ’ ಎನ್ನುತ್ತಾರೆ. ಇಂಥ ಮಾತು ಫೋನಿನಲ್ಲೇ ಬರುತ್ತದೆ, ಇಮೇಲ್‌ನಲ್ಲಿ ಬರುವುದಿಲ್ಲ. ಅದು ಕಾಕತಾಳೀಯವಲ್ಲ. ದಾಖಲೆ ಉಳಿಯುವುದಿಲ್ಲ ಎಂಬ ಫೋನಿನ ಗುಣ ಒಬ್ಬರ ಮಾನ ಉಳಿಸುವಾಗ ಎಷ್ಟು ಒಳ್ಳೆಯದೋ, ಹೊಣೆ ಜಾರಿಸುವಾಗ ಅಷ್ಟೇ ಕೆಟ್ಟದ್ದು. ಸರ್ಕಾರಿ ಅಧಿಕಾರಿಗಳಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಇತರ ನಿವೃತ್ತ ಅಧಿಕಾರಿಗಳು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಇದನ್ನು ಸ್ಪಷ್ಟವಾಗಿ ಹೇಳಿತು: ಅಧಿಕಾರಿಗಳು ಬಾಯಿಮಾತಿನ ಸೂಚನೆಗಳ ಮೇಲೆ ಕೆಲಸ ಮಾಡಕೂಡದು, ಸೂಚನೆ ದಾಖಲಾಗಬೇಕು. ಅನಿವಾರ್ಯವಾಗಿ ಬಾಯಿಮಾತಿನಲ್ಲಿ ಹೇಳಿದರೂ ಆಮೇಲೆ ಅದನ್ನು ಬರಹದಲ್ಲಿ ಖಚಿತಪಡಿಸಬೇಕೆಂಬುದು ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಲ್ಲೂ ಇದೆ.

ಖಾಸಗಿ ಕಂಪನಿಯವರಿಗೆ ಆ ನಿಯಮ ಅನ್ವಯವಾಗುವುದಿಲ್ಲ, ಆದರೆ ಅದರ ಉಪಾಯವನ್ನು ಎರವಲು ಪಡೆಯಲು ಅಡ್ಡಿಯಿಲ್ಲ. ಜಗಳವಾಡದೆ, ಆಗಲಿ ಸರ್ ಎಂದೂ ಹೇಳದೆ, ಫೋನ್ ಇಟ್ಟು ಬರೆಯುವುದು: ‘ಸರ್, ಬೆಳಿಗ್ಗೆ ಫೋನಿನಲ್ಲಿ ಈ ಬ್ಯಾಚ್ ಇವತ್ತೇ ಕಳಿಸಲು ಹೇಳಿದಿರಿ. ಇದರ ಟೆಸ್ಟ್ ರಿಪೋರ್ಟ್ ಇನ್ನೂ ಬಂದಿಲ್ಲ. ರಿಪೋರ್ಟ್ ಇಲ್ಲದೆ ಕಳಿಸಬಹುದು ಎಂದು ಈ ಮೇಲ್‌ಗೆ ಉತ್ತರಿಸಿದರೆ ಲೋಡ್ ಮಾಡಿಸುತ್ತೇನೆ.’ ಸಾಮಾನ್ಯವಾಗಿ ಇದಕ್ಕೆ ಉತ್ತರ ಬರುವುದಿಲ್ಲ. ಮತ್ತೊಂದು ಫೋನ್ ಬರುತ್ತದೆ, ‘ಸರಿ, ರಿಪೋರ್ಟ್ ಬಂದ ಮೇಲೇ ಕಳಿಸು’ ಎಂದು.

ಹೀಗೆ ಉಳಿಸಿಕೊಂಡ ಬರಹ ನಾಳೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಬಹಳ ಜನಕ್ಕೆ ಇದೆ. ನಿಲ್ಲುತ್ತದೆ, ಆದರೆ ಸ್ಕ್ರೀನ್‌ಶಾಟಿನ ಪ್ರಿಂಟ್ ಹಿಡಿದು ಹೋದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಪ್ರತಿಗಳ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು, ಅದು ಯಾವ ಉಪಕರಣದಿಂದ ಬಂತು ಎಂಬುದನ್ನು ಹೇಳಬೇಕು. ಹಾಗಾಗಿ ಮೂಲ ಮೆಸೇಜ್ ಇರುವ ಫೋನನ್ನು ಎಕ್ಸ್‌ಚೇಂಜ್‌ನಲ್ಲಿ ಕೊಟ್ಟುಬಿಟ್ಟರೆ ಕೆಲಸ ಕಷ್ಟವಾಗುತ್ತದೆ. ಕಂಪನಿಯ ಮೇಲ್‌ಗೆ ಬೇರೆಯದೇ ಸಮಸ್ಯೆ. ಕೆಲಸ ಬಿಟ್ಟ ದಿನ ಸಂಜೆಯೇ ಲಾಗಿನ್ ಮುಚ್ಚುತ್ತಾರೆ. ಮೇಲ್ ಅಲ್ಲೇ ಇರುತ್ತದೆ, ಆದರೆ ಅದು ಅವರ ಕೈಯಲ್ಲಿರುತ್ತದೆ, ನಿಮ್ಮ ಕೈಯಲ್ಲಲ್ಲ. ಹಾಗೆಂದು ಕಂಪನಿಯ ಗುಟ್ಟಿನ ಕಾಗದಗಳನ್ನೆಲ್ಲ ಸ್ವಂತ ಜಿಮೇಲ್‌ಗೆ ಕಳಿಸಿಕೊಂಡರೆ ಅದೇ ಇನ್ನೊಂದು ಕೇಸಾಗುತ್ತದೆ. ನಿಮ್ಮ ಸ್ವಂತ ವಿಷಯಕ್ಕೆ ಸಂಬಂಧಪಟ್ಟದ್ದನ್ನಷ್ಟೇ, ಕಂಪನಿಯ ನಿಯಮ ನೋಡಿಕೊಂಡು, ಇಟ್ಟುಕೊಳ್ಳಬೇಕು. ಗೊತ್ತಿಲ್ಲದ ಹಾಗೆ ಕರೆ ರೆಕಾರ್ಡ್ ಮಾಡುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಖಾಸಗಿತನದ ತಗಾದೆಗೆ ಅದು ಬಾಗಿಲು ತೆರೆಯುತ್ತದೆ. ಆ ದಿನ ಆ ಹೊತ್ತಿಗೆ ಏನು ಮಾತಾಯಿತೆಂದು ಕಳಿಸುವ ಮೇಲ್ ನೂರಕ್ಕೆ ತೊಂಬತ್ತು ಸಲ ಸಾಕಾಗುತ್ತದೆ.

ಮೊದಲು ಮಾತು, ಆಮೇಲೆ ಮೇಲ್ ಎಂಬ ಕ್ರಮವನ್ನು ಪೂರ್ತಿ ತಿರುಗಿಸಿ ಹಾಕಬೇಕಾದ ವಿಷಯವೂ ಒಂದಿದೆ. ಅದು ಲೈಂಗಿಕ ಕಿರುಕುಳ. ಇಲ್ಲಿ ಕಿರುಕುಳ ಕೊಟ್ಟವರಿಗೆ ಫೋನ್ ಮಾಡಿ ‘ಏನಾಗಿರಬಹುದು ಅಂತ ಕೇಳೋಣ’ ಎನ್ನುವ ಮಾತೇ ಇಲ್ಲ. ಎಚ್‌ಆರ್‌ಗೆ ಫೋನ್ ಮಾಡಿ ಅತ್ತು ಹೇಳಿಕೊಂಡರೂ ಕಾನೂನಿನ ಲೆಕ್ಕದಲ್ಲಿ ದೂರು ಕೊಟ್ಟ ಹಾಗಾಗುವುದಿಲ್ಲ. ‘ನೋಡೋಣ, ನಾವು ಮಾತಾಡ್ತೀವಿ, ನೀವೇನೂ ಬರೆಯೋದು ಬೇಡ’ ಎಂದು ಯಾರಾದರೂ ಸಮಾಧಾನ ಮಾಡಿದರೆ ಅದನ್ನು ನಂಬಿ ಕೂರಬೇಡಿ. 2013ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ದೂರು ಬರಹದಲ್ಲಿಯೇ, ಕಂಪನಿಯ ಆಂತರಿಕ ಸಮಿತಿಗೆ ಹೋಗಬೇಕು. ಬರೆಯಲು ಆಗದಿದ್ದರೆ ಬರೆಯಲು ನೆರವಾಗುವುದು ಆ ಸಮಿತಿಯವರದೇ ಕರ್ತವ್ಯ. ದೂರಿನ ವಿವರವನ್ನೂ ಹೆಸರುಗಳನ್ನೂ ಬಹಿರಂಗ ಮಾಡಬಾರದೆಂದು 16ನೇ ಸೆಕ್ಷನ್ ಹೇಳುತ್ತದೆ, ಆದ್ದರಿಂದ ತಂಡದ ವಾಟ್ಸಾಪ್ ಗುಂಪಿನಲ್ಲಿ ಅದರ ಒಂದು ಸಾಲೂ ಬರಕೂಡದು. ದೂರು ಕೊಡಲು ಇರುವ ಕಾಲ ಘಟನೆ ನಡೆದ ದಿನದಿಂದ ಮೂರು ತಿಂಗಳು, ಒಂದಾದ ಮೇಲೊಂದು ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳು. ತಕ್ಕ ಕಾರಣವಿದ್ದರೆ, ಅದನ್ನು ಬರಹದಲ್ಲಿ ದಾಖಲಿಸಿ, ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಆ ದಿನಗಳು ಘಟನೆಯಿಂದ ಎಣಿಕೆಯಾಗುತ್ತವೆ, ನೀವು ಎಚ್‌ಆರ್‌ಗೆ ಫೋನ್ ಮಾಡಿದ ದಿನದಿಂದಲ್ಲ.